ಮೂರು ತಿಂಗಳ ಪ್ರಯೋಗ: ಯಾವ ದಿನ ಕೂಡಬೇಕು, ಏನನ್ನು ನೋಡಿ ತೀರ್ಮಾನಿಸಬೇಕು

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು ಆರು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿ. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನವರು ಮೆಣಸಿನಕಾಯಿ ಚೀಲಗಳಿಗೆ ಬಾರ್‌ಕೋಡ್ ಚೀಟಿ ಕಟ್ಟಿ ಲೆಕ್ಕ ಇಡುವ ನಮ್ಮ ವ್ಯವಸ್ಥೆಯನ್ನು 2026ರ ಫೆಬ್ರುವರಿಯಿಂದ ಏಪ್ರಿಲ್ ಕೊನೆಯವರೆಗೆ ಪ್ರಯೋಗ ಮಾಡಿ ನೋಡಲು ಒಪ್ಪಿದ್ದಾರೆ. ಹಿಂದೊಮ್ಮೆ ಬೇರೊಬ್ಬ ಗ್ರಾಹಕರು ಮೂರು ತಿಂಗಳು ಮುಗಿದ ಮೇಲೂ "ನೋಡೋಣ ತಡೀರಿ" ಎನ್ನುತ್ತ ಅರ್ಧ ವರ್ಷ ಎಳೆದು, ಕೊನೆಗೆ ಬೇಡವೆಂದರು. ಈ ಸಲ ನಡುನಡುವೆ ಪರಿಶೀಲನಾ ಸಭೆಗಳನ್ನು ಇಡಬೇಕೆಂದಿದ್ದೇವೆ. ಎಷ್ಟು ಸಭೆ ಇಡಬೇಕು, ಯಾವ ದಿನಾಂಕಗಳಲ್ಲಿ, ಏನನ್ನು ನೋಡಿ ತೀರ್ಮಾನ ಮಾಡಬೇಕು?

ಉತ್ತರ: ಕ್ಯಾಲೆಂಡರ್ ತೆಗೆಯುವ ಮೊದಲು ನಿಮ್ಮ ಮೂರು ತಿಂಗಳುಗಳು ಮೆಣಸಿನಕಾಯಿಯ ವರ್ಷದಲ್ಲಿ ಎಲ್ಲಿ ಬೀಳುತ್ತವೆ ಎಂಬುದನ್ನು ನೋಡಿರಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬ್ಯಾಡಗಿಯಲ್ಲಿ ಆವಕದ ಕಾಲ. ಆಗ ಚೀಲಗಳು ಕೋಲ್ಡ್ ಸ್ಟೋರೇಜಿನ ಒಳಗೆ ಹೋಗುತ್ತವೆಯೇ ಹೊರತು ಹೊರಗೆ ಬರುವುದು ಕಡಿಮೆ. ಹೊರಗೆ ಬರುವ ಭರಾಟೆ ಮಳೆಗಾಲದಲ್ಲಿ ಶುರುವಾಗಿ ಮುಂದಿನ ಹಂಗಾಮಿನವರೆಗೆ ನಡೆಯುತ್ತದೆ. ಯಜಮಾನರು ನಿಮ್ಮ ವ್ಯವಸ್ಥೆಯಿಂದ ಬಯಸುವುದೋ, ವ್ಯಾಪಾರಿ ಬಂದು ರಸೀದಿ ತೋರಿಸಿದಾಗ ಅವನ ಲಾಟು ಯಾವ ಚೇಂಬರಿನಲ್ಲಿ, ಯಾವ ಸಾಲಿನಲ್ಲಿ, ಎಷ್ಟು ಚೀಲ ಇದೆ ಎಂಬುದು ತಡವಿಲ್ಲದೆ, ತಪ್ಪಿಲ್ಲದೆ ಸಿಗಬೇಕೆಂದು. ಅಂದರೆ ನೀವು ಮಾರುತ್ತಿರುವ ಪ್ರಯೋಜನವು ಜೂನ್ ನಂತರ ಕಾಣುವಂಥದ್ದು, ನಿಮ್ಮ ಪ್ರಯೋಗವೋ ಏಪ್ರಿಲ್‌ಗೆ ಮುಗಿಯುತ್ತದೆ. ಇದನ್ನು ಮೊದಲೇ ಸರಿಪಡಿಸಿಕೊಳ್ಳದೆ ಎಷ್ಟು ಸಭೆ ಇಟ್ಟರೂ ಕೊನೆಯ ಸಭೆಯಲ್ಲಿ ಯಜಮಾನರು "ಮಾಲು ಹೊರಗೆ ಹೋಗುವಾಗ ನೋಡಿ ಹೇಳುತ್ತೇನೆ" ಎನ್ನುತ್ತಾರೆ, ಮತ್ತು ಅವರು ಹಾಗೆ ಹೇಳುವುದರಲ್ಲಿ ತಪ್ಪೂ ಇರುವುದಿಲ್ಲ. ನಿಮ್ಮ ಹಿಂದಿನ ಗ್ರಾಹಕರ "ನೋಡೋಣ"ದ ಬೇರೂ ಇಂಥ ಕಡೆಯೇ ಇದ್ದಿರಬಹುದು.

ಇದಕ್ಕೆ ದಾರಿ ಏನೆಂದರೆ, ಹೊರಗೆ ಹೋಗುವ ಮಾಲಿಗಾಗಿ ಕಾಯದೆ ನೀವೇ ಹುಡುಕಾಟದ ಪರೀಕ್ಷೆಯನ್ನು ನಡೆಸುವುದು. ರಸೀದಿ ಪುಸ್ತಕದಿಂದ 60 ಲಾಟುಗಳನ್ನು ಆರಿಸಿ, ಪ್ರತಿಯೊಂದೂ ಹೇಳಿದ ಜಾಗದಲ್ಲಿ ಹೇಳಿದಷ್ಟೇ ಚೀಲಗಳೊಡನೆ ಇದೆಯೇ ಎಂದು ಚೇಂಬರಿನೊಳಗೆ ಹೋಗಿ ಎಣಿಸುವುದು. ಜಾಗವೂ ಎಣಿಕೆಯೂ ಎರಡೂ ಸರಿಯಿದ್ದರೆ ಆ ಲಾಟು ಸರಿ, ಒಂದು ತಪ್ಪಿದರೂ ಲಾಟು ತಪ್ಪು. ನಡುವೆ ಇನ್ನೊಂದು ವರ್ಗ ಬೇಡ. ಲಾಟನ್ನು ಆರಿಸುವ ಕೆಲಸ ನಿಮ್ಮ ಕೈಯಲ್ಲಿ ಇರಬಾರದು. ಫೆಬ್ರುವರಿ 2ರಿಂದ ಆ ದಿನದವರೆಗೆ 1,140 ರಸೀದಿ ಆಗಿದ್ದರೆ, ಅದನ್ನು 60ರಿಂದ ಭಾಗಿಸಿದಾಗ 19 ಬರುತ್ತದೆ. 1ರಿಂದ 19ರೊಳಗೆ ಒಂದು ಸಂಖ್ಯೆಯನ್ನು ಯಜಮಾನರೇ ಹೇಳಲಿ. ಅವರು 7 ಎಂದರೆ 7, 26, 45 ಹೀಗೆ ಪ್ರತಿ ಹತ್ತೊಂಬತ್ತನೆಯ ರಸೀದಿಯನ್ನು ಅವರ ದಿವಾನಜಿ ಬರೆದುಕೊಳ್ಳಲಿ. ಎಣಿಸುವಾಗ ಒಬ್ಬರು ಅವರ ಕಡೆಯವರು, ಒಬ್ಬರು ನಿಮ್ಮವರು ಇರಲಿ. ಮುಂದಿನ ಚೀಲಗಳನ್ನು ಸರಿಸದೆ ಕಾಣದ ಲಾಟುಗಳು ಕೆಲವು ಬಂದೇ ಬರುತ್ತವೆ. ಅವನ್ನು ಬಿಟ್ಟುಬಿಡಬೇಡಿರಿ, ಏಕೆಂದರೆ ತಪ್ಪುಗಳು ಹೆಚ್ಚಾಗಿ ಅಡಗುವುದು ಅಲ್ಲಿಯೇ. ಸರಿಸುವ ಹಮಾಲಿಯನ್ನು ನೀವೇ ಕೊಡುವುದಾಗಿ ಮೊದಲೇ ಬರೆದುಕೊಡಿರಿ.

ಈ ಪರೀಕ್ಷೆಯನ್ನು ಪ್ರಯೋಗ ಶುರುವಾಗುವ ಮೊದಲೇ ಒಮ್ಮೆ, ಅವರ ಹಳೆಯ ಪುಸ್ತಕದ ಮೇಲೆ ಮಾಡಬೇಕು. ಜನವರಿ 19ರಿಂದ 31ರವರೆಗಿನ ಎರಡು ವಾರಗಳನ್ನು ಇದಕ್ಕೆ ಇಟ್ಟುಕೊಳ್ಳಿರಿ. ಆರಿಸುವ ಲಾಟುಗಳು ಈ ಹಂಗಾಮಿನಲ್ಲಿ, ಅಂದರೆ ಡಿಸೆಂಬರ್ ನಂತರ ಒಳಗೆ ಬಂದವು ಮಾತ್ರ ಆಗಿರಲಿ. ಕಳೆದ ವರ್ಷದಿಂದ ಉಳಿದುಕೊಂಡ ಲಾಟುಗಳು ಎಷ್ಟೋ ಸಲ ಜಾಗ ಬದಲಿಸಿರುತ್ತವೆ, ಅರ್ಧ ಮಾಲು ಹೊರಗೆ ಹೋಗಿರುತ್ತದೆ. ಅವನ್ನು ಸೇರಿಸಿದರೆ ಹಳೆಯ ಪುಸ್ತಕ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ ಮತ್ತು ನಿಮ್ಮ ವ್ಯವಸ್ಥೆ ಸುಮ್ಮನೆ ಗೆಲ್ಲುತ್ತದೆ. ಇದು ನಿಮಗೆ ಲಾಭವೆಂದು ತೋರಬಹುದು. ಆದರೆ ಮೂವತ್ತು ವರ್ಷ ಆ ಪುಸ್ತಕ ಬರೆದ ದಿವಾನಜಿಗೆ ಈ ಮೋಸ ಮೊದಲ ದಿನವೇ ತಿಳಿಯುತ್ತದೆ, ಆಮೇಲೆ ನಿಮ್ಮ ಯಾವ ಅಂಕಿಯನ್ನೂ ಅವರು ನಂಬುವುದಿಲ್ಲ.

ಲೆಕ್ಕ ಮಾಡಿ ತೋರಿಸಲು ಒಂದು ಫಲಿತಾಂಶವನ್ನು ಇಟ್ಟುಕೊಳ್ಳೋಣ. ಜನವರಿಯ ಪರೀಕ್ಷೆಯಲ್ಲಿ 60ರಲ್ಲಿ 51 ಲಾಟು ಸರಿ ಬಂದವು ಎನ್ನಿರಿ. ಈಗ ಏಪ್ರಿಲ್‌ನಲ್ಲಿ ಎಷ್ಟು ಬಂದರೆ ನಿಮ್ಮ ವ್ಯವಸ್ಥೆ ಉತ್ತಮವೆಂದು ಒಪ್ಪಬೇಕು? 52 ಬಂದರೂ ಹೆಚ್ಚಾಯಿತಲ್ಲ ಎಂದು ನಿಮ್ಮ ಹುಡುಗರು ಹೇಳುತ್ತಾರೆ. ಆದರೆ 60 ಎಂಬುದು ಸಣ್ಣ ಸಂಖ್ಯೆ. ಏನೂ ಬದಲಾಗದೆ ಅದೇ ಹಳೆಯ ಪುಸ್ತಕವೇ ಇದ್ದು, ಅದರಲ್ಲಿ ನಿಜವಾಗಿಯೂ 60ಕ್ಕೆ 51ರ ಪ್ರಮಾಣದಲ್ಲಿ ಲಾಟುಗಳು ಸರಿಯಿದ್ದರೆ, ಬೇರೆ 60 ಲಾಟು ಆರಿಸಿದಾಗ ಐದಾರು ಸಲದಲ್ಲಿ ಒಮ್ಮೆ 54 ಅಥವಾ ಅದಕ್ಕಿಂತ ಹೆಚ್ಚು ಬರುತ್ತದೆ, ಬರೀ ಆರಿಸಿದ ಅದೃಷ್ಟದಿಂದ. 57 ಅಥವಾ ಹೆಚ್ಚು ಬರುವುದು ನೂರರಲ್ಲಿ ಒಂದೆರಡು ಸಲ ಮಾತ್ರ. ಹೀಗಾಗಿ ಗೆರೆಗಳನ್ನು ಇಲ್ಲಿ ಎಳೆಯಬಹುದು: 57 ಮತ್ತು ಮೇಲೆ ಬಂದರೆ ಮುಂದುವರಿಕೆ, 54 ಮತ್ತು ಕೆಳಗೆ ಬಂದರೆ ಮುಕ್ತಾಯ, 55 ಅಥವಾ 56 ಬಂದರೆ ಇನ್ನೊಂದು 60 ಲಾಟಿನ ಪರೀಕ್ಷೆಯನ್ನು ಹತ್ತು ದಿನದೊಳಗೆ ಮಾಡಿ, ಆಗ 57 ಮುಟ್ಟದಿದ್ದರೆ ಮುಕ್ತಾಯ. ನಿಮ್ಮ ಜನವರಿಯ ಅಂಕಿ ಬೇರೆ ಬಂದರೆ ಗೆರೆಗಳೂ ಬೇರೆಯಾಗುತ್ತವೆ. ಹಳೆಯ ಪುಸ್ತಕದಲ್ಲಿ 58 ಸರಿ ಬಂದರಂತೂ ನಿಖರತೆಯ ಮಾತನ್ನೇ ಬಿಟ್ಟು, ಅವರಿಗೆ ಬೇರೆ ಏನು ಬೇಕೆಂದು ಕೇಳುವುದು ಲೇಸು, ಏಕೆಂದರೆ 58ಕ್ಕಿಂತ ಮೇಲೇರಿದ್ದನ್ನು 60 ಲಾಟಿನಲ್ಲಿ ತೋರಿಸಲು ಜಾಗವೇ ಇರುವುದಿಲ್ಲ.

ಎರಡನೆಯ ಅಳತೆ ಇದಕ್ಕಿಂತ ಸರಳ, ಆದರೆ ಹೆಚ್ಚು ಮಾತಾಡುವಂಥದ್ದು: ಒಳಗೆ ಬಂದ ಚೀಲಗಳಲ್ಲಿ ಎಷ್ಟನ್ನು ಅವರ ಜನರೇ, ನಿಮ್ಮವರು ಯಾರೂ ಇಲ್ಲದಾಗ, ಸ್ಕ್ಯಾನ್ ಮಾಡಿದರು? ನಿಮ್ಮ ಹುಡುಗ ಗೇಟಿನಲ್ಲಿ ನಿಂತಿರುವಾಗ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಅದು ನಿಮ್ಮ ಹುಡುಗನ ಪರೀಕ್ಷೆಯಾಗುತ್ತದೆ, ವ್ಯವಸ್ಥೆಯದಲ್ಲ. ಆದ್ದರಿಂದ ಫೆಬ್ರುವರಿ 19ರಿಂದ ನಿಮ್ಮವರು ಅಂಗಳಕ್ಕೆ ಕಾಲಿಡುವುದಿಲ್ಲ, ಫೋನಿನಲ್ಲಿ ಮಾತ್ರ ಸಿಗುತ್ತಾರೆ ಎಂದು ಕಾಗದದಲ್ಲಿಯೇ ಬರೆದುಕೊಳ್ಳಿರಿ. ಇನ್ನು ಒಟ್ಟು ಬಂದ ಚೀಲಗಳ ಸಂಖ್ಯೆಯನ್ನು ಎಲ್ಲಿಂದ ತರುವುದು? ನಿಮ್ಮ ತಂತ್ರಾಂಶದಿಂದ ತರಲಾಗದು, ಏಕೆಂದರೆ ಅದಕ್ಕೆ ಸ್ಕ್ಯಾನ್ ಆದ ಚೀಲಗಳು ಮಾತ್ರ ಗೊತ್ತು. ಹಮಾಲರ ಲೆಕ್ಕದಿಂದ ತನ್ನಿರಿ. ಅವರಿಗೆ ಕೂಲಿ ಸಿಗುವುದು ಚೀಲಕ್ಕಿಷ್ಟು ಎಂದು, ಕೊಡುವವರೂ ಎಣಿಸಿಯೇ ಕೊಡುತ್ತಾರೆ. ಎರಡೂ ಕಡೆಯವರ ಹಣ ಅದರಲ್ಲಿ ಇರುವುದರಿಂದ ಇಡೀ ಅಂಗಳದಲ್ಲಿ ಅದಕ್ಕಿಂತ ನಂಬಿಕೆಯ ಎಣಿಕೆ ಇನ್ನೊಂದು ಸಿಗಲಾರದು.

ಇಲ್ಲಿ ಎಲ್ಲರೂ ಎಡವುವ ಒಂದು ಕಡೆ ಇದೆ. ಬ್ಯಾಡಗಿಯ ಪೇಟೆ ಸೋಮವಾರ ಮತ್ತು ಗುರುವಾರ. ಟೆಂಡರ್ ಮುಗಿದು, ತೂಕವಾಗಿ, ಮಾಲು ಕೋಲ್ಡ್ ಸ್ಟೋರೇಜಿಗೆ ಬಂದು ಸೇರುವುದು ಅದೇ ರಾತ್ರಿ ಮತ್ತು ಮರುದಿನ. ಮಿಕ್ಕ ದಿನಗಳಲ್ಲಿ ಬರುವುದು ಅಲ್ಪ. ಒಂದು ವಾರದಲ್ಲಿ ಪೇಟೆಯ ಮಾಲು 2,600 ಚೀಲ ಬಂದು, ಅದರಲ್ಲಿ 1,900 ಸ್ಕ್ಯಾನ್ ಆದವು ಎನ್ನಿರಿ. ಉಳಿದ ದಿನಗಳಲ್ಲಿ 1,400 ಬಂದು 1,350 ಆದವು. ಒಟ್ಟು ಕೂಡಿಸಿದರೆ 4,000ಕ್ಕೆ 3,250, ಅಂದರೆ ನೂರಕ್ಕೆ 81. ಕೇಳಲು ಅಡ್ಡಿಯಿಲ್ಲ. ಆದರೆ ಬಿಡುವಿನ ದಿನಗಳಲ್ಲಿ ನೂರಕ್ಕೆ 96 ಇದ್ದದ್ದು ಭರಾಟೆಯಲ್ಲಿ 73ಕ್ಕೆ ಇಳಿದಿದೆ, ಮತ್ತು ಚೀಲಗಳು ಅದಲುಬದಲಾಗುವುದು ಆ ಭರಾಟೆಯಲ್ಲಿಯೇ. ಹೀಗಾಗಿ ಅಳತೆಯನ್ನು ವಾರದ ಸರಾಸರಿಯ ಮೇಲೆ ಇಡದೆ, ಪೇಟೆಯ ದಿನ ಮತ್ತು ಅದರ ಮರುದಿನಗಳ ಮೇಲೆ ಮಾತ್ರ ಇಡಿರಿ. ನನ್ನ ಅನುಭವದಲ್ಲಿ ನೂರಕ್ಕೆ 90 ಮುಟ್ಟಿದ ಅಂಗಳಗಳು ಮುಂದೆಯೂ ಬಿಡದೆ ನಡೆಸಿವೆ, 75 ಕೂಡ ಮುಟ್ಟದವು ಹಂಗಾಮು ಮುಗಿಯುವುದರೊಳಗೆ ಮತ್ತೆ ಪುಸ್ತಕಕ್ಕೆ ಮರಳಿವೆ.

ರಸೀದಿ ಕೊಡಲು ಹಿಡಿಯುವ ವೇಳೆಯನ್ನೂ ಅಳೆಯೋಣವೆಂದು ಅವರು ಕೇಳಬಹುದು. ಅಳೆಯಿರಿ, ತೋರಿಸಿರಿ, ಆದರೆ ತೀರ್ಮಾನಕ್ಕೆ ಅದನ್ನು ಜೋಡಿಸಬೇಡಿರಿ. ಅದು ಆ ದಿನ ಎಷ್ಟು ಹಮಾಲರು ಬಂದಿದ್ದರು ಎಂಬುದರ ಮೇಲೆ ನಿಂತಿರುತ್ತದೆ. ತೀರ್ಮಾನದ ಅಳತೆಗಳು ಎರಡು ಸಾಕು.

ಇನ್ನು ದಿನಾಂಕಗಳು. ಸಭೆಗಳೆಲ್ಲ ಬುಧವಾರ ಇರಲಿ. ಸೋಮವಾರ, ಗುರುವಾರ ಯಜಮಾನರು ಪೇಟೆಯಲ್ಲಿರುತ್ತಾರೆ, ಮಂಗಳವಾರ, ಶುಕ್ರವಾರ ಮಾಲು ಇಳಿಯುತ್ತಿರುತ್ತದೆ. ಹುಬ್ಬಳ್ಳಿಯಿಂದ ಹೋಗುವ ನಿಮಗೂ ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಎಣಿಕೆ ಮುಗಿಸಿ, ಊಟದ ನಂತರ ಕೂಡಲು ಅನುಕೂಲ. ಫೆಬ್ರುವರಿ 2, ಸೋಮವಾರ ಪ್ರಯೋಗ ಶುರು, ಏಪ್ರಿಲ್ 30 ಕೊನೆ ಎಂದು ಇಟ್ಟುಕೊಂಡರೆ ಮೂರು ಸಭೆಗಳು ಹೀಗೆ ಬೀಳುತ್ತವೆ.

ಮೊದಲನೆಯದು ಫೆಬ್ರುವರಿ 18. ಅಷ್ಟರಲ್ಲಿ ಐದು ಪೇಟೆಗಳು ಆಗಿರುತ್ತವೆ. ಶಿವರಾತ್ರಿಯೂ 15ಕ್ಕೆ ಕಳೆದಿರುತ್ತದೆ, ಹುಬ್ಬಳ್ಳಿಯ ಸಿದ್ಧಾರೂಢ ಮಠದ ತೇರಿಗೆ ಹೋದವರೂ ತಿರುಗಿ ಬಂದಿರುತ್ತಾರೆ. ಈ ಸಭೆಯಲ್ಲಿ ಕೊಳ್ಳುವ ಮಾತೇ ಬರಬಾರದು. ಯಂತ್ರ ನಡೆಯುತ್ತಿದೆಯೇ, ಅದು ಕೊಡುವ ಅಂಕಿಗಳನ್ನು ನಂಬಬಹುದೇ ಎಂಬುದಷ್ಟೇ ಪ್ರಶ್ನೆ. ಎರಡು ಸಂಗತಿಗಳನ್ನು ನೋಡಿರಿ. ಕೋಲ್ಡ್ ಸ್ಟೋರೇಜಿನ ದಪ್ಪ ಗೋಡೆಗಳೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಒಳಗೆ ಮಾಡಿದ ಸ್ಕ್ಯಾನ್‌ಗಳು ಹೊರಗೆ ಬಂದ ಮೇಲೆ ಸರ್ವರ್‌ಗೆ ಸೇರಬೇಕು. ಫೋನಿನಲ್ಲಿ ಇರುವ ಸಂಖ್ಯೆಯೂ ಸರ್ವರ್‌ನ ಸಂಖ್ಯೆಯೂ ಒಂದೇ ಇರಬೇಕು, ಒಂದು ಚೀಲದ ವ್ಯತ್ಯಾಸವೂ ಇರಬಾರದು. ಇನ್ನೊಂದು, ಚೀಟಿ. ಗೋಣಿ ಚೀಲಕ್ಕೆ ಅಂಟಿನ ಚೀಟಿ ನಿಲ್ಲುವುದಿಲ್ಲ, ಬಾಯಿ ಹೊಲಿಯುವಾಗ ದಾರದಲ್ಲಿಯೇ ಸೇರಿಸಿ ಹೊಲಿಯಬೇಕೆಂಬುದು ನಿಮಗೆ ಗೊತ್ತಿರಬಹುದು. ಆದರೆ ತಣ್ಣಗಿನ ಚೀಲವನ್ನು ಹೊರಗಿನ ಬಿಸಿಲಿಗೆ ತಂದಾಗ ಚೀಟಿಯ ಮೇಲೆ ನೀರು ಕೂಡುತ್ತದೆ. ಕಾಗದ ನೆನೆಯುತ್ತದೆ, ಕಾರ್ಬನ್ ರಿಬ್ಬನ್ ಇಲ್ಲದೆ ಬರೀ ಶಾಖದಿಂದ ಅಚ್ಚಾದ ಅಕ್ಷರ ಕಾಲಕ್ರಮದಲ್ಲಿ ಮಾಸುತ್ತದೆ. ಇದು ಗೊತ್ತಾಗುವುದು ಮಾಲು ಹೊರಗೆ ಹೋಗುವ ಜೂನ್‌ನಲ್ಲಿ, ಆಗ ಒಳಗಿರುವ ಸಾವಿರಾರು ಚೀಲಗಳ ಚೀಟಿ ಬದಲಿಸುವುದು ಸಾಧ್ಯವಿಲ್ಲದ ಮಾತು. ಯಜಮಾನರ ಮಾಲನ್ನು ಹೊರಗೆಳೆದು ನೋಡಲು ಅವರು ಬಿಡುವುದಿಲ್ಲ, ಬಿಡಲೂಬಾರದು. ಬದಲಿಗೆ ಫೆಬ್ರುವರಿ 2ರಂದೇ 20 ಚೀಟಿಗಳನ್ನು ಗೋಣಿಯ ತುಂಡುಗಳಿಗೆ ಹೊಲಿದು ಚೇಂಬರಿನೊಳಗೆ ನೇತುಹಾಕಿರಿ. ಸಭೆಯ ದಿನ ಅವನ್ನು ಅಂಗಳಕ್ಕೆ ತಂದು ಅರ್ಧ ತಾಸು ಬಿಟ್ಟು ಸ್ಕ್ಯಾನ್ ಮಾಡಿರಿ. ಒಂದೇ ಒಂದು ಓದದಿದ್ದರೂ ಚೀಟಿಯ ಜಾತಿ ಬದಲಿಸಬೇಕು, ಪ್ಲಾಸ್ಟಿಕ್ ಹಾಳೆಯ ಚೀಟಿಗೆ ರಿಬ್ಬನ್‌ನಿಂದ ಅಚ್ಚು ಹಾಕುವ ಬಗೆಗೆ ಹೋಗಬೇಕು, ಖರ್ಚು ಹೆಚ್ಚಾದರೂ. ಹದಿನಾರು ದಿನದ ಈ ಪರೀಕ್ಷೆ ಮಾಸುವುದನ್ನು ತೋರಿಸಲಾರದು, ನೆನೆಯುವುದನ್ನಷ್ಟೇ ತೋರಿಸುತ್ತದೆ. ಆದ್ದರಿಂದ ಆ ತುಂಡುಗಳನ್ನು ಮತ್ತೆ ಒಳಗೆ ನೇತುಹಾಕಿ ಮುಂದಿನ ಎರಡೂ ಸಭೆಗಳಲ್ಲಿ ಹೊರತೆಗೆಯಿರಿ.

ಈ ಸಭೆಯ ತೀರ್ಮಾನಗಳು ಎರಡೇ: ಮುಂದೆ ಸಾಗುವುದು, ಅಥವಾ ಒಂದು ವಾರ ನಿಲ್ಲಿಸಿ ಸರಿಪಡಿಸಿ ಫೆಬ್ರುವರಿ 25ರಂದು ಮತ್ತೆ ನೋಡುವುದು. ಹೀಗೆ ನಿಲ್ಲಿಸುವುದು ಇಡೀ ಪ್ರಯೋಗದಲ್ಲಿ ಒಮ್ಮೆ ಮಾತ್ರ ಎಂದು ಬರೆದುಕೊಳ್ಳಿರಿ. ನಿಲ್ಲಿಸಿದರೆ ನಿಮ್ಮವರು ಅಂಗಳ ಬಿಡುವ ದಿನವೂ ಒಂದು ವಾರ ಮುಂದೆ ಹೋಗುತ್ತದೆ, ಕೊನೆಯ ದಿನಾಂಕ ಮಾತ್ರ ಹೋಗುವುದಿಲ್ಲ.

ಎರಡನೆಯ ಸಭೆ ಮಾರ್ಚ್ 11. ನನ್ನ ಮಟ್ಟಿಗೆ ಮೂರರಲ್ಲಿ ಇದೇ ಮುಖ್ಯವಾದದ್ದು, ಏಕೆಂದರೆ ನಿಲ್ಲಿಸುವ ಹಕ್ಕು ಎರಡೂ ಕಡೆಯವರಿಗೆ ಇರುವುದು ಇಲ್ಲಿ. ಮಾರ್ಚ್ ಮೊದಲ ವಾರದಲ್ಲಿ ಹೋಳಿ, ಅದಾಗಿ ಐದನೆಯ ದಿನಕ್ಕೆ ಹುಬ್ಬಳ್ಳಿಯ ರಂಗಪಂಚಮಿ. ಆ ವಾರ ನಿಮ್ಮ ಕಚೇರಿಯಲ್ಲಿಯೇ ಯಾರೂ ಸಿಗುವುದಿಲ್ಲ, ಸಭೆಗೆ ಅಂಕಿ ಕೂಡಿಸುವುದಂತೂ ದೂರ. ಮುಂದಿನ ವಾರ 19ಕ್ಕೆ ಯುಗಾದಿ, ಅದೂ ಗುರುವಾರ, ಪೇಟೆಯ ದಿನವೇ. ನಡುವೆ ಉಳಿಯುವ ಬುಧವಾರ 11 ಒಂದೇ. ಫೆಬ್ರುವರಿ 19ರಿಂದ ಮಾರ್ಚ್ 9ರವರೆಗೆ ಬರುವ ಆರು ಪೇಟೆಗಳ ಸ್ಕ್ಯಾನ್ ಲೆಕ್ಕವನ್ನು ಹಮಾಲರ ಲೆಕ್ಕದ ಪಕ್ಕದಲ್ಲಿಟ್ಟು ನೋಡಿರಿ. ನೂರಕ್ಕೆ 90 ಮತ್ತು ಮೇಲೆ ಇದ್ದರೆ ಮುಂದುವರಿಕೆ. 75ಕ್ಕಿಂತ ಕಡಿಮೆ ಇದ್ದರೆ ಅಲ್ಲಿಗೇ ಮುಕ್ತಾಯ, ಅಲ್ಲಿಯವರೆಗಿನ ಹಣ ಮಾತ್ರ ಸಂದಾಯ. ನಡುವೆ ಇದ್ದರೆ ಕಾರಣವನ್ನು ಗುರುತಿಸಿ, ಮಾರ್ಚ್ 25ರಂದು ಅದೇ ಲೆಕ್ಕವನ್ನು ಮತ್ತೊಮ್ಮೆ ನೋಡಿ, ಆಗಲೂ 90 ಮುಟ್ಟದಿದ್ದರೆ ಮುಕ್ತಾಯ. ಆ ಎರಡು ವಾರಗಳಲ್ಲಿ ಯುಗಾದಿಯ ಪೇಟೆಯನ್ನು ಲೆಕ್ಕದಿಂದ ಬಿಡುವುದಾಗಿ ಈಗಲೇ ಬರೆಯಿರಿ, ಆ ದಿನ ಬಂದ ಮೇಲೆ ಬಿಡೋಣವೆಂದರೆ ಅದು ಚೌಕಾಸಿಯಾಗುತ್ತದೆ.

ಕಾರಣ ಗುರುತಿಸುವುದು ಹೇಗೆ? "ನಿಮ್ಮ ತಂತ್ರಾಂಶ ನಿಧಾನ" ಎಂದು ಅವರು, "ನಿಮ್ಮಲ್ಲಿ ಜನ ಇಲ್ಲ" ಎಂದು ನೀವು ಹೇಳಿಕೊಂಡು ಕೂಡುವ ಅಗತ್ಯವಿಲ್ಲ. ಎರಡು ಸ್ಕ್ಯಾನ್‌ಗಳ ನಡುವಿನ ವೇಳೆಯನ್ನು ನಿಮ್ಮ ದಾಖಲೆಯಿಂದ ತೆಗೆಯಿರಿ. ಮೂರು ನಾಲ್ಕು ಸೆಕೆಂಡಿಗೊಂದರಂತೆ ಸಾಲಾಗಿ ಐವತ್ತು ಚೀಲ ಆಗಿ, ನಂತರ ಇಪ್ಪತ್ತು ನಿಮಿಷ ಏನೂ ಇಲ್ಲದೆ, ಮತ್ತೆ ಸಾಲಾಗಿ ಶುರುವಾಗಿದ್ದರೆ ಫೋನು ಹಿಡಿದವನನ್ನು ಬೇರೆ ಕೆಲಸಕ್ಕೆ ಕರೆದಿದ್ದಾರೆ ಎಂದರ್ಥ. ಆಗ ಗೇಟಿಗೆ ಇನ್ನೊಬ್ಬನನ್ನು ಕೊಡುವುದು ಅವರ ಹೊಣೆ. ನಡುವೆ ಬಿಡುವಿಲ್ಲದೆ ಪ್ರತಿ ಚೀಲಕ್ಕೂ ಹತ್ತು ಹನ್ನೆರಡು ಸೆಕೆಂಡು ಹಿಡಿದಿದ್ದರೆ ತಪ್ಪು ನಿಮ್ಮದು. ಹಮಾಲ ಬೆನ್ನ ಮೇಲೆ ಚೀಲ ಹೊತ್ತು ಅಷ್ಟು ಹೊತ್ತು ನಿಲ್ಲುವುದಿಲ್ಲ, ನಿಲ್ಲಬೇಕೆಂದು ಕೇಳುವುದೂ ನ್ಯಾಯವಲ್ಲ.

ಇದೇ ಸಭೆಯಲ್ಲಿ ಹೊಸ ಬೇಡಿಕೆಗಳು ಏಳುತ್ತವೆ: ಬಾಡಿಗೆಯ ಬಿಲ್ಲೂ ಇದರಲ್ಲಿಯೇ ಬರಲಿ, ಬ್ಯಾಂಕಿಗೆ ಕೊಡುವ ಸ್ಟಾಕ್ ಪಟ್ಟಿಯೂ ಬರಲಿ. ಇಲ್ಲವೆನ್ನಬೇಡಿರಿ, ಹ್ಞೂಂ ಎಂದೂ ಹೇಳಬೇಡಿರಿ. ಬೇರೊಂದು ಹಾಳೆಯಲ್ಲಿ ಬರೆದಿಟ್ಟು, ಏಪ್ರಿಲ್ 15ರ ತೀರ್ಮಾನಕ್ಕೆ ಇವು ಲೆಕ್ಕಕ್ಕಿಲ್ಲ ಎಂದು ಮೇಲೆ ಬರೆದು ಇಬ್ಬರೂ ಸಹಿ ಹಾಕಿರಿ.

ಮೂರನೆಯದು ಏಪ್ರಿಲ್ 15. ಪ್ರಯೋಗ ಮುಗಿಯುವುದು 30ಕ್ಕೆ, ತೀರ್ಮಾನ ಏಕೆ ಹದಿನೈದು ದಿನ ಮೊದಲು ಎಂದು ಕೇಳಬಹುದು. ಕೊನೆಯ ದಿನ ತೀರ್ಮಾನ ಇಟ್ಟರೆ, ಮರುದಿನ ಬರುವ ಚೀಲಕ್ಕೆ ಚೀಟಿ ಕಟ್ಟಬೇಕೇ ಬೇಡವೇ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿಲ್ಲದಾಗ ಎಲ್ಲರೂ ಕಟ್ಟುತ್ತಲೇ ಹೋಗುತ್ತಾರೆ, ಮತ್ತು ನಿಮ್ಮ ಪ್ರಯೋಗ ಬಿಟ್ಟಿ ಸೇವೆಯಾಗಿ ಮೇ ತಿಂಗಳಿಗೆ ಕಾಲಿಡುತ್ತದೆ. 15ರಂದು ಬೇಡವೆಂದರೆ ಪುಸ್ತಕಕ್ಕೆ ಮರಳಲು ಹದಿನೈದು ದಿನ ಸಿಗುತ್ತದೆ, ಬೇಕೆಂದರೆ ಒಪ್ಪಂದ ಬರೆಯಲು ಅಷ್ಟೇ ಸಿಗುತ್ತದೆ, 55 ಅಥವಾ 56 ಬಂದರೆ ಎರಡನೆಯ ಎಣಿಕೆಗೂ ಜಾಗವಿರುತ್ತದೆ. ಮಾರ್ಚ್ ಕೊನೆಗೆ ಇಡೋಣವೆಂದರೆ ಆಗ ಯಜಮಾನರು ವರ್ಷದ ಲೆಕ್ಕ ಮುಗಿಸುವುದರಲ್ಲಿ, ಬ್ಯಾಂಕಿನವರ ಜೊತೆಯಲ್ಲಿ ಇರುತ್ತಾರೆ. 60 ಲಾಟಿನ ಪರೀಕ್ಷೆಯ ಫಲ ಈ ಸಭೆಗೆ. ಅದನ್ನು ಸಭೆಯ ದಿನ ಬೆಳಿಗ್ಗೆಯೇ ಮಾಡಿ, ಹಿಂದಿನ ದಿನ ಬೇಡ. 14 ಅಂಬೇಡ್ಕರ್ ಜಯಂತಿ, ರಜೆ.

ಮುಂದುವರಿದರೆ ವರ್ಷಕ್ಕೆ ಎಷ್ಟು ಹಣವೆಂಬುದನ್ನು ಜನವರಿಯ ಕಾಗದದಲ್ಲಿಯೇ ಬರೆದಿರಬೇಕು. ಇಲ್ಲವಾದರೆ ಏಪ್ರಿಲ್ 15ರ ಸಭೆ ದರದ ಸಭೆಯಾಗುತ್ತದೆ ಮತ್ತು 58 ಸರಿ ಬಂದದ್ದನ್ನು ಯಾರೂ ಮೆಚ್ಚುವುದಿಲ್ಲ, ಮೆಚ್ಚಿದರೆ ದರ ಏರೀತೆಂಬ ಅಂಜಿಕೆ ಇರುತ್ತದೆ. ಪ್ರಯೋಗಕ್ಕೂ ಸಣ್ಣದಾದರೂ ಹಣ ಪಡೆಯಿರಿ, ಮುಂದುವರಿದರೆ ವರ್ಷದ ಹಣದಲ್ಲಿ ಕಳೆಯಿರಿ.

ಇನ್ನು ಯಾರು ತೀರ್ಮಾನಿಸುವವರು ಎಂಬುದು. ಹಲವು ವರ್ಷಗಳ ಹಿಂದೆ ಗದಗದ ಕಡೆಯ ಒಂದು ಕಾರ್ಖಾನೆಯಲ್ಲಿ ಇಂಥದೇ ಪ್ರಯೋಗ ನಡೆಸಿದೆ. ಮ್ಯಾನೇಜರರು ಎಲ್ಲ ಸಭೆಗೂ ಬಂದರು, ಎಲ್ಲ ಅಂಕಿಗೂ ತಲೆದೂಗಿದರು. ಕೊನೆಯ ಸಭೆಗೆ ಮಾಲೀಕರು ಮೊದಲ ಬಾರಿಗೆ ಬಂದು, ಕೂತವರೇ, "ಕರೆಂಟ್ ಬಿಲ್ಲು ಎಷ್ಟು ಕಡಿಮೆಯಾಯಿತು?" ಎಂದು ಕೇಳಿದರು. ನಮ್ಮ ಕೆಲಸಕ್ಕೂ ಕರೆಂಟಿಗೂ ಸಂಬಂಧವೇ ಇರಲಿಲ್ಲ. ಅಂದಿನಿಂದ ನಾನು ಶುರುವಿಗೆ ಮೊದಲೇ ಮಾಲೀಕರ ಎದುರು ಕೂತು, "ಏಪ್ರಿಲ್‌ನಲ್ಲಿ ನೀವು ನನ್ನನ್ನು ಕೇಳುವ ಒಂದೇ ಪ್ರಶ್ನೆ ಯಾವುದು?" ಎಂದು ಕೇಳಿ, ಅವರ ಮಾತಿನಲ್ಲಿಯೇ ಅದನ್ನು ಕಾಗದದ ತಲೆಯ ಮೇಲೆ ಬರೆಯುತ್ತೇನೆ. ಬ್ಯಾಡಗಿಯಲ್ಲಿ ಪಾಲುದಾರಿಕೆಯ ಕೋಲ್ಡ್ ಸ್ಟೋರೇಜ್ ಆಗಿದ್ದರೆ ಯಾವ ಪಾಲುದಾರರ ಮಾತು ಕೊನೆಯದು, ಅವರು ಊರಲ್ಲಿ ಇಲ್ಲದಿದ್ದರೆ ಯಾರದು ಎಂಬ ಎರಡು ಹೆಸರುಗಳು ಅದೇ ಕಾಗದದಲ್ಲಿ ಇರಬೇಕು. ಆ ಇಬ್ಬರಲ್ಲಿ ಒಬ್ಬರೂ ಇಲ್ಲದ ಸಭೆಯನ್ನು ಸಭೆಯೆಂದು ಎಣಿಸಬೇಡಿರಿ, ಚಹಾ ಕುಡಿದು ಬನ್ನಿರಿ.

ಸಭೆಯೇ ನಡೆಯದೆ ಹೋದರೆ ಏನು ಎಂಬುದನ್ನು ಬರೆಯದ ಕಾಗದವೇ "ನೋಡೋಣ"ಕ್ಕೆ ಬಾಗಿಲು ತೆರೆಯುವುದು. ಕೆಲವರು ಇಲ್ಲಿ, ಉತ್ತರ ಬಾರದಿದ್ದರೆ ಕೊಂಡಂತೆಯೇ ಎಂದು ಬರೆದುಕೊಳ್ಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಹಾಗೆ ಹುಟ್ಟಿದ ಬಾಕಿಯನ್ನು ಪೇಟೆಯಲ್ಲಿ ಯಾರೂ ಕೊಡುವುದಿಲ್ಲ, ನಿಮ್ಮ ಹೆಸರು ಮಾತ್ರ ಕೆಡುತ್ತದೆ. ಮೌನಕ್ಕೆ ಅರ್ಥ ಮುಕ್ತಾಯವೆಂದೇ ಇರಲಿ. ಆದರೆ ಮುಕ್ತಾಯದಲ್ಲಿಯೂ ಒಂದು ಎಚ್ಚರ ಬೇಕು. ಅಷ್ಟರಲ್ಲಿ ನಿಮ್ಮ ಚೀಟಿ ಹೊತ್ತ ಸಾವಿರಾರು ಚೀಲಗಳು ಒಳಗೆ ಇರುತ್ತವೆ. ಅವು ಯಜಮಾನರವಲ್ಲ, ರೈತರವು, ವ್ಯಾಪಾರಿಗಳವು. ಯಾವ ಚೀಲ ಎಲ್ಲಿದೆ ಎಂಬ ಮಾಹಿತಿ ನಿಮ್ಮ ಸರ್ವರ್‌ನಲ್ಲಿ ಇದೆಯೆಂದು ಅದನ್ನು ಹಿಡಿದಿಟ್ಟು ಒತ್ತಡ ಹಾಕುವ ದಾರಿಯನ್ನು ನಿಮಗೆ ನೀವೇ ಮೊದಲೇ ಮುಚ್ಚಿಕೊಳ್ಳಬೇಕು. ನಾನಾಗಿದ್ದರೆ ಕಾಗದದ ಕೊನೆಯ ಪ್ಯಾರಾವನ್ನು ಹೀಗೆ ಬರೆಯುತ್ತಿದ್ದೆ:

"ಏಪ್ರಿಲ್ 15ರಂದು ಸಭೆ ನಡೆಯದಿದ್ದರೆ ಏಪ್ರಿಲ್ 22ರಂದು ಅದೇ ವೇಳೆಗೆ ನಡೆಯುವುದು. ಅಂದೂ ನಡೆಯದಿದ್ದರೆ, ಅಥವಾ ನಡೆದೂ ತೀರ್ಮಾನ ತಿಳಿಸದಿದ್ದರೆ, ಪ್ರಯೋಗವು ಏಪ್ರಿಲ್ 30ರಂದು ಮುಗಿಯುವುದು. ಮೇ 1ರಿಂದ ಹೊಸ ಚೀಲಗಳ ನೋಂದಣಿ ಇರುವುದಿಲ್ಲ. ಆದರೆ ಅಲ್ಲಿಯವರೆಗೆ ನೋಂದಣಿಯಾದ ಚೀಲಗಳ ಮಾಹಿತಿಯನ್ನು 2026ರ ಡಿಸೆಂಬರ್ 31ರವರೆಗೆ ಯಾವ ಹಣವನ್ನೂ ಕೇಳದೆ ನೋಡಲು ಬಿಡಲಾಗುವುದು, ಹೊರಗೆ ಹೋದ ಚೀಲಗಳನ್ನು ತೆಗೆದುಹಾಕುವ ಅನುಕೂಲವೂ ಇರುವುದು, ಮತ್ತು ಏಪ್ರಿಲ್ 30ರ ಪೂರ್ಣ ಪಟ್ಟಿಯನ್ನು ರಸೀದಿ ಸಂಖ್ಯೆಯ ಕ್ರಮದಲ್ಲಿ ಎಕ್ಸೆಲ್ ಕಡತವಾಗಿಯೂ ಅಚ್ಚು ಹಾಕಿದ ಪ್ರತಿಯಾಗಿಯೂ ಕೊಡಲಾಗುವುದು."

ಏಪ್ರಿಲ್ 22 ಕೂಡ ಬುಧವಾರವೇ, 20ರ ಬಸವ ಜಯಂತಿ ಕಳೆದ ಮೇಲೆ. ಈ ಎಲ್ಲ ದಿನಾಂಕ, ಗೆರೆ, ಹೆಸರುಗಳು ಎರಡು ಪುಟಗಳಲ್ಲಿ ಕನ್ನಡದಲ್ಲಿ ಹಿಡಿಯುತ್ತವೆ. ಜನವರಿ 31ರಂದು ಹಳೆಯ ಪುಸ್ತಕದ ಎಣಿಕೆಯ ಅಂಕಿಯನ್ನು ಅದರಲ್ಲಿ ಕೈಯಿಂದ ತುಂಬಿ, ಗೆರೆಗಳನ್ನು ಅದಕ್ಕೆ ತಕ್ಕಂತೆ ಬರೆದು, ಯಜಮಾನರಿಂದಲೂ ದಿವಾನಜಿಯವರಿಂದಲೂ ಸಹಿ ಹಾಕಿಸಿಕೊಂಡ ಮೇಲೆಯೇ ಫೆಬ್ರುವರಿ 2ರ ಮೊದಲ ಚೀಟಿಯನ್ನು ಹೊಲಿಸಿರಿ.